ಔಷಧಿ ಹಾಕಿದ ಮೇಲೂ ಮತ್ತೆ ಮರಿ ಹೇನು. ಬರೀ ಬಾಚಿ ತೆಗೆಯಲು ಆಗುತ್ತದಾ?

ಎರಡು ಜಡೆ:
ಮಗಳಿಗೆ ಎಂಟು ವರ್ಷ. ಸೊಂಟದವರೆಗೆ ಕೂದಲು, ದಟ್ಟವಾಗಿದೆ, ಸ್ವಲ್ಪ ಗುಂಗುರು ಬೇರೆ. ಶಾಲೆಯಲ್ಲಿ ಯಾರಿಂದಲೋ ಹೇನು ಹತ್ತಿದೆ. ಪರ್ಮೆಥ್ರಿನ್ ಇರುವ ಲೋಷನ್ ತಂದು ಹಾಕಿದೆ. ಅವತ್ತು ರಾಶಿ ರಾಶಿ ಸತ್ತು ಉದುರಿದವು. "ಸೀರು ಸಾಯಬೇಕಾದರೆ ಎರಡು ದಿನ ಬಿಟ್ಟು ಇನ್ನೊಂದು ಸಲ ಹಾಕಿ" ಎಂದು ಅಂಗಡಿಯವರು ಹೇಳಿದ್ದರು. ಹಾಗೇ ಮಾಡಿದೆ. ಒಂದು ವಾರ ಅವಳು ಆರಾಮಾಗಿದ್ದಳು. ಈಗ ನೋಡಿದರೆ ಕಿವಿಯ ಹಿಂದೆ ಸಣ್ಣ ಸಣ್ಣ ಮರಿಗಳು ಓಡಾಡುತ್ತಿವೆ.

ಎರಡನೇ ಸಲ ಹಾಕಿದಾಗಲೇ ನೆತ್ತಿ ಕೆಂಪಾಗಿ ಉರಿ ಉರಿ ಎಂದು ಅತ್ತಿದ್ದಾಳೆ. ಮೂರನೇ ಸಲ ಹಾಕಲು ಮನಸ್ಸಿಲ್ಲ. ಕೆಮಿಕಲ್ ಬೇಡ, ಆದರೆ ನಿಜವಾಗಿ ಕೆಲಸ ಮಾಡುವಂಥದ್ದು ಏನಾದರೂ ಇದೆಯಾ? ಮಾಡಿ ನೋಡಿದವರು ಹೇಳಿ.

ಸೋಮಾರಿ ಕತ್ತರಿ:
ತಲೆ ಬೋಳಿಸಿಬಿಡಿ. ಒಂದೇ ದಿನದ ಕೆಲಸ.

ಎರಡು ಜಡೆ:
ಅವಳ ಮುಂದೆ ಬಂದು ನೀವೇ ಹೇಳಿ ನೋಡೋಣ.

ಹಿತ್ತಲ ಗಿಡ:
ಅಮ್ಮಾ, ನಾನು ನಾಲ್ಕು ಮಕ್ಕಳ ತಲೆ ನೋಡಿದವಳು, ಈಗ ಮೊಮ್ಮಕ್ಕಳದ್ದು. ರಾತ್ರಿ ತಲೆ ತುಂಬ ಎಣ್ಣೆ ಹಚ್ಚು, ಅದರಲ್ಲಿ ಒಂದಿಷ್ಟು ಕರ್ಪೂರ ಕರಗಿಸು. ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಮಲಗಿಸು. ಬೆಳಿಗ್ಗೆಗೆ ಉಸಿರು ಕಟ್ಟಿ ಸತ್ತಿರುತ್ತವೆ. ಆಮೇಲೆ ವಿನಿಗರ್ ಹಾಕಿ ತೊಳೆದರೆ ಸೀರು ತಾನೇ ಬಿಟ್ಟುಕೊಳ್ಳುತ್ತದೆ. ಎಲ್ಲಾ ಮನೆಯಲ್ಲೇ ಇರುವ ವಸ್ತು, ಅಪಾಯ ಏನೂ ಇಲ್ಲ.

ಕ್ಲಿನಿಕ್ ಅಕ್ಕ:
ಹಿತ್ತಲ ಗಿಡ ಅಮ್ಮ, ಎಣ್ಣೆ ಹಚ್ಚಿ ಬಾಚುವುದು ಒಳ್ಳೆಯದೇ, ಅದನ್ನು ಒಪ್ಪುತ್ತೇನೆ. ಆದರೆ ಕರ್ಪೂರ ದಯವಿಟ್ಟು ಬೇಡ. ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಅದರಲ್ಲೂ ಈ ಮಗುವಿನ ನೆತ್ತಿ ಈಗಾಗಲೇ ಕೆಂಪಾಗಿದೆ. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ. ನಿದ್ದೆಯಲ್ಲಿ ಅದು ಮುಖಕ್ಕೆ ಜಾರಿದರೆ ಉಸಿರು ಕಟ್ಟುವುದು ಮಗುವಿಗೆ, ಹೇನಿಗಲ್ಲ. ಹೇನು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಇರಬಲ್ಲದು. ಎಣ್ಣೆಯಲ್ಲಿ ಸತ್ತ ಹಾಗೆ ಬಿದ್ದಿರುತ್ತದೆ, ತೊಳೆದ ಮೇಲೆ ಮತ್ತೆ ಹರಿದಾಡುತ್ತದೆ.

ಎರಡು ಜಡೆ, ನಿಮಗೆ ಒಂದು ಪ್ರಶ್ನೆ. ಈಗ ಸಿಗುತ್ತಿರುವುದು ಎಲ್ಲಾ ಮರಿಗಳೇನಾ, ಇಲ್ಲ ಎಳ್ಳಿನ ಗಾತ್ರದ ದೊಡ್ಡವೂ ಇವೆಯಾ? ಉತ್ತರ ಅದರ ಮೇಲೆ ನಿಂತಿದೆ.

ಎರಡು ಜಡೆ:
ಎಲ್ಲಾ ಮರಿಗಳೇ ಅಕ್ಕ. ಗುಂಡುಸೂಜಿಯ ತಲೆಗಿಂತ ಚಿಕ್ಕವು. ದೊಡ್ಡದು ಒಂದೂ ಕಾಣಲಿಲ್ಲ.

ಕ್ಲಿನಿಕ್ ಅಕ್ಕ:
ಹಾಗಾದರೆ ಬಹುಮಟ್ಟಿಗೆ ಇದು ಹೊಸದಾಗಿ ಹತ್ತಿದ್ದಲ್ಲ, ಹಳೆಯದೇ ಉಳಿದದ್ದು. ಲೆಕ್ಕ ನೋಡಿ. ಸೀರು ಒಡೆದು ಮರಿ ಬರಲು ಸುಮಾರು ಏಳರಿಂದ ಹತ್ತು ದಿನ ಬೇಕು. ಪರ್ಮೆಥ್ರಿನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ಎರಡನೇ ಸಲ ಹಾಕುವುದು ಒಂಬತ್ತನೇ ದಿನದ ಸುಮಾರಿಗೆ, ಉಳಿದ ಸೀರೆಲ್ಲಾ ಒಡೆದ ಮೇಲೆ. ನಿಮಗೆ ಮೂರನೇ ದಿನವೇ ಹಾಕಿಸಿದ್ದಾರೆ. ಆಗ ಬಹಳಷ್ಟು ಮರಿಗಳು ಇನ್ನೂ ಸೀರಿನ ಒಳಗೇ ಇದ್ದವು. ಔಷಧಿಯೂ ದಂಡ, ನೆತ್ತಿಗೆ ಉರಿಯೂ ಬಂತು.

ಒಂದು ಸಮಾಧಾನದ ಸಂಗತಿ ಇದೆ. ಮರಿಗಳು ಬೆಳೆದು ಮೊಟ್ಟೆ ಇಡಲು ಇನ್ನೂ ಒಂಬತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಬಾಚಿ ತೆಗೆದರೆ ಹೊಸ ಸೀರು ಹುಟ್ಟುವುದೇ ಇಲ್ಲ. ಬರೀ ಬಾಚಣಿಗೆಯಿಂದ ಆಗುತ್ತದೆ, ಆದರೆ ಮನ ಬಂದಾಗ ಬಾಚಿದರೆ ಆಗುವುದಿಲ್ಲ. ಇವತ್ತು ಮೊದಲ ದಿನ ಎಂದುಕೊಳ್ಳಿ. ಆಮೇಲೆ 5ನೇ ದಿನ, 9ನೇ ದಿನ, 13ನೇ ದಿನ. 17ನೇ ದಿನ ಒಂದು ಸಲ ಬಾಚಿ ಪರೀಕ್ಷೆ ಮಾಡಿ. ಕ್ಯಾಲೆಂಡರ್ ಮೇಲೆ ಗುರುತು ಹಾಕಿಬಿಡಿ.

ಪುಟ್ಟನ ಅಪ್ಪ:
ಹಾಸಿಗೆಗೆ ಹೊಡೆಯುವ ಸ್ಪ್ರೇ ಯಾವುದು ಒಳ್ಳೆಯದು ಎಂದು ಯಾರೂ ಹೇಳುತ್ತಿಲ್ಲವಲ್ಲ. ನಮ್ಮ ಮನೆಯಲ್ಲೂ ಇದೇ ಗೋಳು. ಮಗನಿಗೆ ಆರು ವರ್ಷ, ಗಿಡ್ಡ ಕೂದಲು. ಔಷಧಿ ಹಾಕಿ ತಿಂಗಳ ಮೇಲಾಯಿತು. ಆದರೂ ಬಿಳಿ ಚುಕ್ಕೆ ಹೋಗಿಲ್ಲ. ಸೀರು ಇದೆ ಎಂದು ಶಾಲೆಯಿಂದ ಚೀಟಿ ಕೊಟ್ಟು ಕಳಿಸಿದ್ದಾರೆ. ಮಂಚ, ಸೋಫಾ ಎಲ್ಲಕ್ಕೂ ಔಷಧಿ ಹೊಡೆಸಬೇಕು ಅಂತಿದ್ದೇನೆ.

ಜೀವಶಾಸ್ತ್ರ ಮೇಷ್ಟ್ರು:
ಬೇಡ ಸ್ವಾಮಿ. ಹೇನು ತಿಗಣೆ ಅಲ್ಲ. ಅದಕ್ಕೆ ದಿನಕ್ಕೆ ಹಲವು ಸಲ ರಕ್ತ ಬೇಕು. ತಲೆ ಬಿಟ್ಟು ಕೆಳಗೆ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹಾರಲು ರೆಕ್ಕೆ ಇಲ್ಲ, ನೆಗೆಯಲು ಕಾಲಿಲ್ಲ. ಒಂದು ತಲೆ ಇನ್ನೊಂದಕ್ಕೆ ತಾಗಿದಾಗ ಕೂದಲಿನಿಂದ ಕೂದಲಿಗೆ ದಾಟುತ್ತದೆ, ಅಷ್ಟೇ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಕವರ್, ಟೋಪಿ, ಟವೆಲ್ ಬಿಸಿನೀರಿನಲ್ಲಿ ಒಗೆಯಿರಿ, ಬಾಚಣಿಗೆಗಳನ್ನೂ ಬಿಸಿನೀರಿನಲ್ಲಿ ನೆನೆಹಾಕಿ. ಮನೆಗೆಲ್ಲಾ ಕೀಟನಾಶಕ ಹೊಡೆಸಿದರೆ ಅದನ್ನು ಉಸಿರಾಡುವುದು ನಿಮ್ಮ ಮಗ.

ಕ್ಲಿನಿಕ್ ಅಕ್ಕ:
ಮತ್ತೆ ಆ ಬಿಳಿ ಚುಕ್ಕೆ ನೆತ್ತಿಯಿಂದ ಎಷ್ಟು ದೂರದಲ್ಲಿದೆ? ಸ್ಕೇಲ್ ಹಿಡಿದು ನೋಡಿ.

ಪುಟ್ಟನ ಅಪ್ಪ:
ಈಗಷ್ಟೇ ನೋಡಿದೆ. ಜಾಸ್ತಿ ಕಮ್ಮಿ ಒಂದೂವರೆ ಸೆಂಟಿಮೀಟರ್. ಊದಿದರೆ ಹಾರುವುದಿಲ್ಲ, ಉಜ್ಜಿದರೂ ಜರುಗುವುದಿಲ್ಲ. ಹಾಗಾಗಿ ಹೊಟ್ಟು ಅಲ್ಲ, ಸೀರೇ ಇರಬೇಕು.

ಕ್ಲಿನಿಕ್ ಅಕ್ಕ:
ಸೀರೇ ಹೌದು, ಆದರೆ ಖಾಲಿ ಚಿಪ್ಪು. ಹೇನು ಮೊಟ್ಟೆ ಅಂಟಿಸುವುದು ನೆತ್ತಿಗೆ ಒತ್ತಿಕೊಂಡೇ, ಮರಿಗೆ ಆ ಬಿಸಿ ಬೇಕಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದೂವರೆ ಸೆಂಟಿಮೀಟರ್ ದೂರ ಹೋಗಿದೆ ಎಂದರೆ ಅದು ತಿಂಗಳ ಹಿಂದೆಯೇ ಒಡೆದೋ ಸತ್ತೋ ಆಗಿದೆ. ಜೀವ ಇರುವ ಸೀರು ಕಂದು ಬಣ್ಣ, ಕೂದಲಿನ ಬುಡದಲ್ಲಿ ಕಣ್ಣಿಗೇ ಬೀಳುವುದಿಲ್ಲ. ನಮಗೆ ಬೆಳ್ಳಗೆ ಹೊಳೆದು ಹೆದರಿಸುವುದು ಖಾಲಿಯಾದದ್ದೇ. ಒಂದು ಸಲ ಒದ್ದೆ ಕೂದಲು ಬಾಚಿ ನೋಡಿ. ಓಡಾಡುವ ಹೇನು ಸಿಗದಿದ್ದರೆ ಯಾವ ಔಷಧಿಯೂ ಬೇಡ. ಚಿಪ್ಪು ನೋಡಲು ಚೆನ್ನಾಗಿಲ್ಲ ಎನಿಸಿದರೆ ಕಟಿಂಗ್ ಮಾಡಿಸಿ, ಹೋಗುತ್ತದೆ.

ಪುಟ್ಟನ ಅಪ್ಪ:
ಸರಿ, ಬಾಚಿ ನೋಡುತ್ತೇನೆ. ಆದರೆ ಒಂದೂ ಸೀರು ಇಲ್ಲದ ಹಾಗೆ ಮಾಡಿಕೊಂಡು ಬಂದರೇನೇ ಒಳಗೆ ಬಿಡುವುದು ಅನ್ನುತ್ತಾರೆ. ಅದಕ್ಕೇನು ಮಾಡಲಿ?

ಜೀವಶಾಸ್ತ್ರ ಮೇಷ್ಟ್ರು:
ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ, ಸೀರು ಇದೆ ಎಂದು ಮಗುವನ್ನು ಶಾಲೆಯಿಂದ ಹೊರಗಿಡಬಾರದು ಎಂದು. ಹೇನು ಕಣ್ಣಿಗೆ ಬೀಳುವ ಹೊತ್ತಿಗೆ ಅದು ತಲೆಯಲ್ಲಿ ಸೇರಿ ವಾರಗಳಾಗಿರುತ್ತವೆ. ಒಂದು ದಿನ ಮನೆಗೆ ಕಳಿಸಿ ಏನು ಉಪಯೋಗ? ಆದರೆ ಇದನ್ನು ನಿಮ್ಮ ಶಾಲೆ ಕೇಳುತ್ತದಾ, ಅದು ಬೇರೆ ಮಾತು. ಖಾಲಿ ಚಿಪ್ಪು ಎಂದು ವೈದ್ಯರಿಂದ ಒಂದು ಸಾಲು ಬರೆಸಿಕೊಳ್ಳಿ.

ಎರಡು ಜಡೆ:
ಅಕ್ಕ, ಬಾಚುವುದು ಹೇಗೆ ಎಂದು ಬಿಡಿಸಿ ಹೇಳಿ. ಔಷಧಿ ಡಬ್ಬದ ಜೊತೆ ಬಂದ ಪ್ಲಾಸ್ಟಿಕ್ ಬಾಚಣಿಗೆ ಇದೆ. ಒಣ ಕೂದಲಿಗೆ ಹಾಕಿದರೆ ಸಿಕ್ಕಿಗೆ ಸಿಕ್ಕಿಕೊಂಡು ಅವಳು ಕಿರುಚುತ್ತಾಳೆ.

ಕ್ಲಿನಿಕ್ ಅಕ್ಕ:
ಆ ಬಾಚಣಿಗೆ ಪಕ್ಕಕ್ಕಿಡಿ. ಸೀರು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅಗಲ ಇನ್ನೂ ಕಡಿಮೆ. ಪ್ಲಾಸ್ಟಿಕ್ ಹಲ್ಲು ದಟ್ಟ ಕೂದಲಿಗೆ ಬಾಗಿ ಅಗಲವಾಗುತ್ತದೆ, ಮರಿ ಸಂದಿಯಲ್ಲಿ ನುಸುಳುತ್ತದೆ. ಸ್ಟೀಲಿನದ್ದು, ಉದ್ದ ಹಲ್ಲಿನದ್ದು ತನ್ನಿ. ಬೆಳಕಿಗೆ ಹಿಡಿದರೆ ಹಲ್ಲುಗಳ ನಡುವೆ ಬರೀ ಗೆರೆಯಷ್ಟು ಬೆಳಕು ಕಾಣಬೇಕು.

ಒಣ ಕೂದಲಿನಲ್ಲಿ ಹೇನು ಸರ್ರನೆ ಓಡುತ್ತದೆ, ನೀವು ಬೈತಲೆ ತೆಗೆಯುವಷ್ಟರಲ್ಲಿ ಆ ಕಡೆ ಹೋಗಿರುತ್ತದೆ. ಒದ್ದೆ ಮಾಡಿ ಕಂಡಿಷನರ್ ಬಳಿದರೆ ಸ್ವಲ್ಪ ಹೊತ್ತು ಕದಲದೆ ಕೂರುತ್ತದೆ. ಆಟ ಇರುವುದೇ ಅಲ್ಲಿ. ಮಾಮೂಲಿ ಶಾಂಪೂನಿಂದ ತಲೆ ತೊಳೆದು, ನೀರು ಹಿಂಡಿ, ಕಂಡಿಷನರ್ ಧಾರಾಳವಾಗಿ ಹಚ್ಚಿ. ಬಾಟಲಿಯ ಮೇಲೆ ಬರೆದದ್ದಕ್ಕಿಂತ ಮೂರು ನಾಲ್ಕು ಪಟ್ಟು ಬೇಕಾಗುತ್ತದೆ, ಕೈಗೆ ಕೂದಲು ಜಾರಬೇಕು. ತೊಳೆಯಬೇಡಿ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಪೂರ್ತಿ ಬಿಡಿಸಿ, ತುದಿಯಿಂದ ಶುರು ಮಾಡಿ ಮೇಲಕ್ಕೆ. ಗುಂಗುರು ಕೂದಲಿಗೆ ಇದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಹೋಗಲಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಅಳು.

ಆಮೇಲೆ ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಒಂದೊಂದು ಭಾಗದಿಂದ ಬೆರಳಿನಷ್ಟು ಅಗಲದ ಎಳೆ ಹಿಡಿದು, ಬಾಚಣಿಗೆಯ ಹಲ್ಲು ನೆತ್ತಿಗೆ ತಾಗಿಸಿ, ಬುಡದಿಂದ ತುದಿಯವರೆಗೆ ಒಂದೇ ಎಳೆತ. ನಡುವೆ ಎತ್ತಬೇಡಿ. ಪ್ರತಿ ಸಲ ಬಿಳಿ ಟಿಶ್ಯೂ ಮೇಲೆ ಒರೆಸಿ, ನೋಡಿ. ಬಿಳಿ ಕಂಡಿಷನರ್ ನಡುವೆ ಕಂದು ಚುಕ್ಕೆ ಕಂಡರೆ ಕಾಲಿದೆಯಾ ನೋಡಿ. ಆ ಎಳೆಯನ್ನು ಅಡಿಯಿಂದಲೂ ಒಂದು ಸಲ ಬಾಚಿ. ಕಿವಿಯ ಹಿಂದೆ, ಕುತ್ತಿಗೆಯ ಮೇಲಿನ ಕೂದಲಿನಂಚು, ಇವೆರಡು ಕಡೆ ಎರಡೆರಡು ಸಲ. ಎಲ್ಲಾ ಮುಗಿದ ಮೇಲೆ ಕಂಡಿಷನರ್ ತೊಳೆದು, ಒದ್ದೆ ಕೂದಲನ್ನೇ ಇನ್ನೊಂದು ಸುತ್ತು ಬಾಚಿ. ಅಷ್ಟು ಕೂದಲಿಗೆ ಒಂದು ಗಂಟೆ ಹಿಡಿದೇ ಹಿಡಿಯುತ್ತದೆ. ಅವಳಿಗೆ ಏನಾದರೂ ನೋಡಲು ಕೊಟ್ಟು ಕೂರಿಸಿ.

ನೆತ್ತಿಗೆ ಹತ್ತಿರದ ಸೀರು ಬಾಚಣಿಗೆಗೆ ಬರದಿದ್ದರೆ ಹೆಬ್ಬೆರಳು ತೋರುಬೆರಳಿನ ಉಗುರಿನ ನಡುವೆ ಹಿಡಿದು ಕೂದಲಿನ ತುದಿವರೆಗೆ ಜಾರಿಸಿ ತೆಗೆಯಿರಿ. ವಿನಿಗರ್‌ನಿಂದ ಆ ಅಂಟು ಬಿಡುವುದಿಲ್ಲ. ಅಂಟೂ ಕೂದಲಿನ ಥರ ಪ್ರೋಟೀನೇ. ಅದನ್ನು ಕರಗಿಸುವಂಥದ್ದು ಕೂದಲನ್ನೂ ಹಾಳು ಮಾಡುತ್ತದೆ. ಕೆಂಪಾದ ನೆತ್ತಿಗೆ ಹುಳಿ ಬಿದ್ದರೆ ಉರಿ ಬೇರೆ.

ಹಿತ್ತಲ ಗಿಡ:
ಕಂಡಿಷನರ್ ಯಾಕಮ್ಮ, ಎಣ್ಣೆಯಲ್ಲೇ ಬಾಚಬಾರದಾ? ನಾವು ಹಾಗೇ ಮಾಡಿದ್ದು. ಎಲ್ಲರ ತಲೆಯೂ ಶುದ್ಧವಾಯಿತು.

ಕ್ಲಿನಿಕ್ ಅಕ್ಕ:
ಬಾಚಬಹುದಮ್ಮ. ಜಾರಬೇಕು, ಹೇನು ಓಡಬಾರದು, ಅಷ್ಟೇ ಬೇಕಿರುವುದು. ಎಣ್ಣೆಯಾದರೆ ಟಿಶ್ಯೂ ಮೇಲೆ ಮರಿ ಕಾಣುವುದು ಸ್ವಲ್ಪ ಕಷ್ಟ, ತೊಳೆಯುವುದೂ ಕಷ್ಟ. ನಿಮ್ಮ ಮಕ್ಕಳ ತಲೆ ಶುದ್ಧ ಮಾಡಿದ್ದು ಎಣ್ಣೆಗಿಂತ ನಿಮ್ಮ ಬಾಚಣಿಗೆ ಎಂದು ನನ್ನ ಅನಿಸಿಕೆ.

ಹಿತ್ತಲ ಗಿಡ:
ಅದೂ ಇರಬಹುದು. ಬಿಡದೆ ಬಾಚುತ್ತಿದ್ದೆ. ಕರ್ಪೂರದಿಂದ ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ ಅನ್ನುವುದೂ ನಿಜ.

ಜೀವಶಾಸ್ತ್ರ ಮೇಷ್ಟ್ರು:
ಅಕ್ಕನವರು ಬಾಚಣಿಗೆಯನ್ನು ಸ್ವಲ್ಪ ಜಾಸ್ತಿಯೇ ನಂಬುತ್ತಿದ್ದಾರೆ ಎನಿಸುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದದ್ದರಲ್ಲಿ ಬರೀ ಬಾಚಿದ ಮಕ್ಕಳಲ್ಲಿ ನೂರಕ್ಕೆ 38 ಜನರಿಗೆ ಗುಣವಾಯಿತು, ಮ್ಯಾಲಥಿಯಾನ್ ಎಂಬ ಹೇನಿನ ಔಷಧಿ ಹಾಕಿದವರಲ್ಲಿ 78. ಆಮೇಲೆ 2005ರ ಇನ್ನೊಂದರಲ್ಲಿ ಲೆಕ್ಕ ತಿರುಗಿತು. ಬಾಚಿದವರಲ್ಲಿ 57, ಅಂಗಡಿ ಔಷಧಿ ಹಾಕಿದವರಲ್ಲಿ ಬರೀ 13. ಒಂದೇ ದೇಶ, ಇಷ್ಟು ವ್ಯತ್ಯಾಸ. ಒಂದು ಕಾರಣ, ಹೇನುಗಳು ಆ ಔಷಧಿಗಳಿಗೆ ಒಗ್ಗಿಕೊಂಡಿವೆ. ಪರ್ಮೆಥ್ರಿನ್ ನರದ ಮೇಲೆ ಕೆಲಸ ಮಾಡುವಂಥದ್ದು. ಹೇನಿನ ನರದಲ್ಲಿ ಒಂದು ಸಣ್ಣ ಬದಲಾವಣೆ ಆಗಿಬಿಟ್ಟರೆ ಅದು ತಾಗುವುದೇ ಇಲ್ಲ. ಇನ್ನೊಂದು, ಬಾಚುವವರ ಕೈ. ಒಟ್ಟಿನಲ್ಲಿ ಚೆನ್ನಾಗಿ ಮಾಡಿದರೂ ಅರ್ಧದಷ್ಟು ಜನಕ್ಕೆ ಮಾತ್ರ ಬಾಚಣಿಗೆ ಸಾಕಾಗಿದೆ ಎಂದಂತಾಯಿತಲ್ಲ.

ನಾನಾದರೆ ಡೈಮೆಥಿಕೋನ್ ನೋಡುತ್ತಿದ್ದೆ. ಅದು ಸಿಲಿಕೋನ್ ಎಣ್ಣೆ. ವಿಷ ಅಲ್ಲ. ಹೇನನ್ನು ಮುಚ್ಚಿ, ಅದರ ಮೈಯ ನೀರು ಹೊರಹೋಗುವ ದಾರಿ ಕಟ್ಟಿ ಸಾಯಿಸುತ್ತದೆ. ನರದ ಗೊಡವೆಯೇ ಇಲ್ಲ, ಹಾಗಾಗಿ ಆ ಥರ ಒಗ್ಗಿಕೊಳ್ಳುವ ಪ್ರಶ್ನೆಯೂ ಇಲ್ಲ. ಚರ್ಮದ ಒಳಗೂ ಇಳಿಯುವುದಿಲ್ಲ.

ಕ್ಲಿನಿಕ್ ಅಕ್ಕ:
ಮೇಷ್ಟ್ರೇ, ಅಂಕಿ ಸರಿ. ಆದರೆ ಆ ಮನೆಗಳಲ್ಲಿ ಎಷ್ಟು ಜನ 9ನೇ ದಿನ, 13ನೇ ದಿನ ನಿಜವಾಗಿ ಕೂತು ಬಾಚಿದ್ದಾರೆ? ಮೊದಲ ದಿನ ಎಲ್ಲರೂ ಬಾಚುತ್ತಾರೆ. ಎರಡನೇ ಸಲ ಏನೂ ಸಿಗದಿದ್ದರೆ ಅಲ್ಲಿಗೇ ಬಿಡುತ್ತಾರೆ. ನಾನು ನೋಡಿದ ಸೋಲೆಲ್ಲಾ ಅಲ್ಲೇ.

ಡೈಮೆಥಿಕೋನ್ ಒಳ್ಳೆಯದು, ತಕರಾರಿಲ್ಲ. ಅದೂ ಸೀರನ್ನೆಲ್ಲಾ ಕೊಲ್ಲುತ್ತದೆ ಎಂದು ನಂಬಿ ಕೂರಬೇಡಿ, ಏಳು ದಿನಕ್ಕೆ ಮತ್ತೆ ಹಾಕಲೇಬೇಕು. ಕೆಲವದ್ದನ್ನು ಹದಿನೈದು ನಿಮಿಷ, ಕೆಲವದ್ದನ್ನು ರಾತ್ರಿಯಿಡೀ ಬಿಡಬೇಕು, ಡಬ್ಬ ಓದಿ. ಮುಖ್ಯವಾಗಿ, ಹಚ್ಚಿದ ಕೂದಲಿಗೆ ಬೆಂಕಿ ಬೇಗ ಹತ್ತುತ್ತದೆ. ತೊಳೆಯುವವರೆಗೆ ಒಲೆ, ದೀಪ, ಹೇರ್ ಡ್ರೈಯರ್ ಹತ್ತಿರ ಬಿಡಬಾರದು.

ಸೋಮಾರಿ ಕತ್ತರಿ:
ಸೀಮೆಎಣ್ಣೆ ಹಾಕಿದರೆ ಒಂದೇ ಸಲಕ್ಕೆ ಹೋಗುತ್ತದೆ ಎಂದು ಕೇಳಿದ್ದೆ.

ಕ್ಲಿನಿಕ್ ಅಕ್ಕ:
ಚರ್ಮ ಸುಡುತ್ತದೆ, ಹೊಗೆ ಪುಪ್ಪುಸಕ್ಕೆ ಹೋಗುತ್ತದೆ, ಕಿಡಿ ತಾಗಿದರೆ ಮಗು ಉಳಿಯುವುದಿಲ್ಲ. ತಮಾಷೆಗೂ ಬರೆಯಬೇಡಿ, ಯಾರಾದರೂ ಓದಿ ಹಾಕಿಬಿಡುತ್ತಾರೆ. ಗಿಡಕ್ಕೆ ಹೊಡೆಯುವ ಔಷಧಿಗೂ ಇದೇ ಮಾತು.

ಎರಡು ಜಡೆ:
ಟೀ ಟ್ರೀ ಎಣ್ಣೆ? ಸಹಜವಾದದ್ದು ಎಂದು ಬರೆದಿರುತ್ತಾರೆ.

ಜೀವಶಾಸ್ತ್ರ ಮೇಷ್ಟ್ರು:
ಹಾವಿನ ವಿಷವೂ ಸಹಜವೇ. ಅಂಥ ಗಾಢ ಎಣ್ಣೆಗಳು ಕೆಂಪಾದ ನೆತ್ತಿಗೆ ಅಲರ್ಜಿ ತರುತ್ತವೆ, ಮಗು ಕುಡಿದರೆ ಆಸ್ಪತ್ರೆಗೆ ಓಡಬೇಕು. ಎಷ್ಟು ಹಾಕಬೇಕು ಎಂಬುದಕ್ಕೂ ಒಪ್ಪಿದ ಲೆಕ್ಕ ಇಲ್ಲ.

ಎರಡು ಜಡೆ:
ಸರಿ. ನೆತ್ತಿಯ ಉರಿ ಇಳಿಯುವವರೆಗೆ ಬಾಚಣಿಗೆಯೇ ಸಾಕು ಎಂದು ತೀರ್ಮಾನ ಮಾಡಿದೆ. ಸ್ಟೀಲ್ ಬಾಚಣಿಗೆ ಸಿಕ್ಕಿದೆ. ನಡೆದದ್ದನ್ನು ಇಲ್ಲೇ ಬರೆಯುತ್ತೇನೆ.

ಎರಡು ಜಡೆ:
ಇವತ್ತಿಗೆ 9ನೇ ದಿನದ ಬಾಚುವಿಕೆ ಮುಗಿಯಿತು. ಮೊದಲ ದಿನ ಟಿಶ್ಯೂ ತುಂಬಾ ಮರಿಗಳು, ಮಸಿ ಚುಕ್ಕೆ ಇಟ್ಟ ಹಾಗೆ. 5ನೇ ದಿನ ಕೆಲವೇ, ಎಲ್ಲಾ ತೀರಾ ಪುಟ್ಟವು. ಗೆದ್ದೆ ಅಂದುಕೊಂಡಿದ್ದೆ. ಇವತ್ತು ಮರಿ ಒಂದೂ ಇಲ್ಲ, ಆದರೆ ಕುತ್ತಿಗೆ ಹತ್ತಿರ ಒಂದು ದೊಡ್ಡ ಹೇನು. ಚೆನ್ನಾಗಿ ಬೆಳೆದದ್ದು, ಹೊಟ್ಟೆ ಕಪ್ಪಗಿದೆ. ಇದು ಎಲ್ಲಿಂದ ಬಂತು?

ಕ್ಲಿನಿಕ್ ಅಕ್ಕ:
ಲೆಕ್ಕ ಹಾಕಿ ನೋಡಿ. ಮೊದಲ ದಿನದ ನಂತರ ಸೀರೊಡೆದ ಮರಿಗೆ ಇವತ್ತು ಹೆಚ್ಚೆಂದರೆ ಎಂಟು ದಿನ. ಅದು ಇಷ್ಟು ದೊಡ್ಡದಾಗಲು ಸಾಧ್ಯವಿಲ್ಲ. ಅಂದರೆ ಮೊದಲ ದಿನ ಒಂದು ಮರಿ ಬಾಚಣಿಗೆಗೆ ತಪ್ಪಿ, 5ನೇ ದಿನವೂ ತಪ್ಪಿ ಬೆಳೆದಿರಬೇಕು. ಇಲ್ಲವೇ ಬೇರೆ ತಲೆಯಿಂದ ಈಚೆಗೆ ದಾಟಿರಬೇಕು. 5ನೇ ದಿನ ನಡುಗಾತ್ರದವು ಒಂದೂ ಸಿಗಲಿಲ್ಲ ಅಂದಿರಲ್ಲ, ಹಾಗಾಗಿ ಎರಡನೆಯದ್ದೇ ಇರಬಹುದು. ಆಣೆ ಇಟ್ಟು ಹೇಳಲಾರೆ. ಮನೆಯಲ್ಲಿ ಅವಳ ಪಕ್ಕ ಮಲಗುವವರು ಯಾರು?

ಎರಡು ಜಡೆ:
ಅಕ್ಕ ಮಲಗುತ್ತಾಳೆ, ಅವಳಿಗೆ ಹದಿನಾಲ್ಕು. ಆದರೆ ಅವಳು ಒಂದು ದಿನವೂ ತಲೆ ಕೆರೆದಿಲ್ಲ.

ಕ್ಲಿನಿಕ್ ಅಕ್ಕ:
ಕೆರೆತವನ್ನು ನಂಬಬೇಡಿ. ತುರಿಕೆ ಬರುವುದು ಹೇನಿನ ಎಂಜಲಿಗೆ ಮೈ ಅಲರ್ಜಿ ತೋರಿಸಿದಾಗ. ಮೊದಲ ಸಲ ಹತ್ತಿದವರಿಗೆ ಅದಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಕೆಲವರಿಗೆ ಬರುವುದೇ ಇಲ್ಲ. ದೊಡ್ಡವಳ ತಲೆ ಒದ್ದೆ ಮಾಡಿ ಬಾಚಿ. ನಿಮ್ಮದನ್ನೂ ಯಾರಾದರೂ ನೋಡಲಿ.

ಎರಡು ಜಡೆ:
ನೋಡಿದೆ. ದೊಡ್ಡವಳ ತಲೆಯಲ್ಲಿ ಇವೆ. ದೊಡ್ಡವು, ಮರಿ, ಸೀರು, ಸಂಸಾರ ಸಮೇತ. ನನ್ನ ತಲೆಯಲ್ಲಿ ಏನೂ ಸಿಗಲಿಲ್ಲ. ಈಗ ಸಮಸ್ಯೆ ಏನೆಂದರೆ ದೊಡ್ಡವಳು ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ ಕೂರಲಾರೆ ಎನ್ನುತ್ತಾಳೆ. ಅವಳಿಗೆ ಮೇಷ್ಟ್ರು ಹೇಳಿದ ಡೈಮೆಥಿಕೋನ್, ಚಿಕ್ಕವಳಿಗೆ ಬಾಚಣಿಗೆ, ಹೀಗೆ ಮಾಡಬಹುದಾ?

ಜೀವಶಾಸ್ತ್ರ ಮೇಷ್ಟ್ರು:
ಮಾಡಬಹುದು. ನಾನಾದರೆ ಇಬ್ಬರಿಗೂ ಅದನ್ನೇ ಹಾಕಿ ಮುಗಿಸುತ್ತಿದ್ದೆ.

ಕ್ಲಿನಿಕ್ ಅಕ್ಕ:
ಚಿಕ್ಕವಳ ನೆತ್ತಿ ಪೂರ್ತಿ ಸರಿಹೋಗಲಿ ಮೇಷ್ಟ್ರೇ. ಅಲ್ಲಿಯವರೆಗೆ ಅವಳಿಗೆ ಬಾಚಣಿಗೆಯೇ ಇರಲಿ. ಕಿವಿಯ ಹಿಂದೆ ಗಂಟು ಊದಿದರೆ, ನೆತ್ತಿಯಲ್ಲಿ ಕೀವು ಕಂಡರೆ ವೈದ್ಯರಿಗೆ ತೋರಿಸಿ, ಅದು ಹೇನು ತೆಗೆದರೆ ಮಾತ್ರ ಹೋಗುವಂಥದ್ದಲ್ಲ.

ಇಬ್ಬರಿಗೂ ಒಂದೇ ದಿನ ಶುರು ಮಾಡಿ. ಚಿಕ್ಕವಳ ಲೆಕ್ಕ ಮತ್ತೆ ಮೊದಲ ದಿನದಿಂದ ಆರಂಭ. ಆ ದೊಡ್ಡ ಹೇನು ಎಷ್ಟು ಮೊಟ್ಟೆ ಇಟ್ಟಿದೆಯೋ ಗೊತ್ತಿಲ್ಲ, ದಿನಕ್ಕೆ ಎಂಟರವರೆಗೂ ಇಡಬಲ್ಲದು. ದೊಡ್ಡವಳಿಗೆ ಡೈಮೆಥಿಕೋನ್ ಒಣ ಕೂದಲಿಗೆ, ಬುಡದಿಂದ ತುದಿವರೆಗೆ ತೊಯ್ಯುವ ಹಾಗೆ ಹಚ್ಚಿ. ಸೊಂಟದುದ್ದ ಕೂದಲಾದರೆ ಒಂದು ಬಾಟಲಿ ಸಾಲದೇ ಹೋಗಬಹುದು, ಅರೆಬರೆ ಹಚ್ಚಿದರೆ ಉಪಯೋಗವಿಲ್ಲ. ಏಳು ದಿನ ಬಿಟ್ಟು ಎರಡನೇ ಸಲ. ಅದಾಗಿ ಎರಡು ಮೂರು ದಿನಕ್ಕೆ ಒಂದೇ ಒಂದು ಸಲ ಕೂತು ಬಾಚಿಸಿಕೊಳ್ಳಲಿ. ಓಡಾಡುವುದು ಸಿಗದಿದ್ದರೆ ಬಿಟ್ಟುಬಿಡಿ.

ಎರಡು ಜಡೆ:
ಒಂದು ಸಲಕ್ಕೆ ಒಪ್ಪಿದ್ದಾಳೆ. ಫೋನ್ ಕೊಟ್ಟರೆ ಮಾತ್ರ ಅಂತೆ.

ಪುಟ್ಟನ ಅಪ್ಪ:
ಮಗನ ತಲೆ ಬಾಚಿದೆ, ಏನೂ ಬರಲಿಲ್ಲ. ಬರೀ ಚಿಪ್ಪು. ಶಾಲೆಯವರು ವೈದ್ಯರ ಚೀಟಿ ನೋಡಿ, ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಸೋಫಾಕ್ಕೆ ಸ್ಪ್ರೇ ಹೊಡೆಸಲಿಲ್ಲ.